ನಾಲ್ಕು ಸಲ ಬಟನ್ ಒತ್ತಿದ್ದಕ್ಕೆ 960 ಕ್ರೆಡಿಟ್ ಹೋಯ್ತು: ವಿಡಿಯೋ ಟೂಲ್ ಬಳಸುವ ಮುಂಚೆ ಇದನ್ನು ಓದಿ

ಬರಹದಿಂದ ವಿಡಿಯೋ ಮಾಡಿಕೊಡುವ ಎಐ ಟೂಲ್‌ಗೆ ದುಡ್ಡು ಕಟ್ಟುವ ಯೋಚನೆಯಲ್ಲಿ ಇದ್ದೀರಾ? ಹಾಗಾದರೆ ಐದು ನಿಮಿಷ ಕೊಟ್ಟು ಇದನ್ನು ಓದಿ. ಟೂಲ್‌ನ ಹೆಸರು ಹೇಳುವುದಿಲ್ಲ. ಇದೇ ರೀತಿ ಲೆಕ್ಕ ಹಾಕುವ ಟೂಲ್‌ಗಳು ಬೇರೆಯೂ ಇವೆ.

ನಾನು ಸಣ್ಣ ಅಂಗಡಿಗಳಿಗೆ ರೀಲ್ಸ್ ಎಡಿಟ್ ಮಾಡಿಕೊಡುತ್ತೇನೆ. ಗಾಣದ ಎಣ್ಣೆ ಮಾರುವವರೊಬ್ಬರು ದೀಪಾವಳಿಗೆ 30 ಸೆಕೆಂಡಿನ ಒಂದು ರೀಲ್ ಕೇಳಿದರು. ಅವರ ತಾತನ ಕಾಲದಲ್ಲಿ ಎತ್ತಿನ ಗಾಣ ಇತ್ತಂತೆ. ಈಗ ಅದರ ಒಂದು ಫೋಟೋ ಕೂಡ ಉಳಿದಿಲ್ಲ. ಆ ಹಳೆಯ ಗಾಣವನ್ನು ತೋರಿಸಬೇಕು ಅನ್ನೋದು ಅವರ ಆಸೆ. ಅದಕ್ಕೇ ಎಐ ಟೂಲ್ ಹುಡುಕಿ 1,800 ರೂಪಾಯಿ ಕಟ್ಟಿದೆ, 1,000 ಕ್ರೆಡಿಟ್ ಬಂತು. ಸಾವಿರ ಅಂದರೆ ಬೇಕಾದಷ್ಟಾಯ್ತು ಅಂದುಕೊಂಡೆ.

ಎತ್ತು ಗಾಣದ ಸುತ್ತ ತಿರುಗುತ್ತಿದೆ ಅಂತ ವಿವರವಾಗಿ ಬರೆದು Generate ಒತ್ತಿದೆ. ಎರಡು ಕ್ಲಿಪ್ ಬಂದವು. ಒಂದರಲ್ಲಿ ಎತ್ತು ನೊಗ ಬಿಟ್ಟು ಆಚೆ ನಡೆದುಹೋಗಿತ್ತು. ಇನ್ನೊಂದು ಮೊದಲ ಆರು ಸೆಕೆಂಡ್ ಕಣ್ಣಿಗೆ ಕಟ್ಟುವ ಹಾಗಿತ್ತು, ಏಳನೇ ಸೆಕೆಂಡಿಗೆ ಎತ್ತಿಗೆ ಐದನೇ ಕಾಲು ಬಂತು. ಒಂದೆರಡು ಪದ ಬದಲಿಸಿ ಮತ್ತೆ ಒತ್ತಿದೆ. ಆಮೇಲೆ ಎಣ್ಣೆ ಪಾತ್ರೆಗೆ ಬೀಳುವ ದೃಶ್ಯಕ್ಕೆ ಒಂದು ಸಲ, ಅಂಗಳದಲ್ಲಿ ಕಡಲೆಕಾಯಿ ಒಣಗಿಸುವ ದೃಶ್ಯಕ್ಕೆ ಒಂದು ಸಲ. ಐದನೇ ಸಲ ಒತ್ತಿದಾಗ ಕ್ರೆಡಿಟ್ ಸಾಲದು ಅಂತ ಬಂತು. ನೋಡಿದರೆ ಉಳಿದಿದ್ದು 40.

ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಟೂಲ್‌ನಲ್ಲಿ 720p ಆದರೆ ಸೆಕೆಂಡಿಗೆ 5 ಕ್ರೆಡಿಟ್, 1080p ಆದರೆ ಸೆಕೆಂಡಿಗೆ 12. ನಾನು ಏನನ್ನೂ ಮುಟ್ಟಿರಲಿಲ್ಲ, ಅದು ಮೊದಲೇ 10 ಸೆಕೆಂಡ್, 1080p, ಎರಡು ಔಟ್‌ಪುಟ್ ಅಂತ ಸೆಟ್ ಆಗಿತ್ತು. ಹತ್ತನ್ನು ಹನ್ನೆರಡರಿಂದ ಗುಣಿಸಿದರೆ 120, ಎರಡು ಕ್ಲಿಪ್ ಅಂದರೆ 240. ಅಂದರೆ ಒಂದು ಸಲ ಒತ್ತಿದರೆ 240. ನಾಲ್ಕು ಸಲಕ್ಕೆ 960. ಈ ಸಂಖ್ಯೆ ಕಂಪ್ಯೂಟರ್‌ನಲ್ಲಿ ಬಟನ್ ಮೇಲೆ ಮೌಸ್ ಇಟ್ಟರೆ ಕಾಣುತ್ತದೆ, ಮೊಬೈಲ್‌ನಲ್ಲಿ ಕಾಣುವುದೇ ಇಲ್ಲ. ನಾನು ಕೆಲಸ ಮಾಡಿದ್ದು ಮೊಬೈಲ್‌ನಲ್ಲಿ.

ಬಂದ ಎಂಟು ಕ್ಲಿಪ್‌ಗಳಲ್ಲಿ ರೀಲ್‌ಗೆ ಹಾಕುವಂಥದ್ದು ಎಷ್ಟು ಸಿಕ್ಕಿತು ಅಂದರೆ ಮೂರು ತುಂಡು, ಒಟ್ಟು 9 ಸೆಕೆಂಡ್. ಅಂದರೆ ಕೆಲಸಕ್ಕೆ ಬಂದ ಒಂದೊಂದು ಸೆಕೆಂಡಿಗೂ ಸುಮಾರು 107 ಕ್ರೆಡಿಟ್, ರೂಪಾಯಿ ಲೆಕ್ಕದಲ್ಲಿ 192. ಬೆಲೆಪಟ್ಟಿಯಲ್ಲಿ ಇದ್ದದ್ದು 12 ಕ್ರೆಡಿಟ್! ಈ ಎರಡು ಸಂಖ್ಯೆ ನಡುವಿನ ಅಂತರವನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಎತ್ತಿಗೆ ಐದು ಕಾಲು ಬಂದಿದೆ, ಕ್ರೆಡಿಟ್ ವಾಪಸ್ ಕೊಡಿ ಅಂತ ಕೇಳಿದ್ದಕ್ಕೆ, ಕ್ಲಿಪ್ ತಯಾರಾಗಿದೆಯಲ್ಲ, ವಾಪಸ್ ಬರುವುದಿಲ್ಲ ಅಂದರು. ಕ್ಲಿಪ್ ತಯಾರಾಗದೆ ನಿಂತುಹೋದರೆ ಮಾತ್ರ ಅವರು ವಾಪಸ್ ಕೊಡೋದು.

ರೆಸಲ್ಯೂಶನ್ ಏರಿಸಿದರೆ ಯಾಕೆ ಇಷ್ಟು ಜಾಸ್ತಿ ಅಂತ ನನಗೂ ಮೊದಲು ಗೊತ್ತಿರಲಿಲ್ಲ. 720 ರಿಂದ 1080 ಅಂದರೆ ಒಂದೂವರೆ ಪಟ್ಟು ಅನ್ನಿಸುತ್ತೆ ಅಲ್ವಾ? ಆದರೆ ಅಗಲವೂ ಒಂದೂವರೆ ಪಟ್ಟು, ಎತ್ತರವೂ ಒಂದೂವರೆ ಪಟ್ಟು. ಹಾಗಾಗಿ ಒಂದು ಫ್ರೇಮಿನಲ್ಲಿ 9.2 ಲಕ್ಷ ಇದ್ದ ಪಿಕ್ಸೆಲ್ 20.7 ಲಕ್ಷ ಆಗುತ್ತದೆ, ಅಂದರೆ ಎರಡೂಕಾಲು ಪಟ್ಟು. ಸೆಕೆಂಡಿಗೆ 24 ಫ್ರೇಮ್ ಅಂದರೆ ಹತ್ತು ಸೆಕೆಂಡಿಗೆ 240 ಫ್ರೇಮ್. ಅದೂ ಅಲ್ಲದೆ ಈ ಮಾದರಿಗಳು ಒಂದೊಂದೇ ಫ್ರೇಮ್ ಬಿಡಿಸಿ ಮುಂದೆ ಹೋಗುವುದಿಲ್ಲ, ಕ್ಲಿಪ್‌ನ ಭಾಗಗಳನ್ನೆಲ್ಲ ಒಂದಕ್ಕೊಂದು ಹೋಲಿಸುತ್ತಾ ಇಡೀ ಕ್ಲಿಪ್ ಕಟ್ಟುತ್ತವೆ. ಅದಕ್ಕೇ ಉದ್ದ ಹೆಚ್ಚಿದ ಹಾಗೆ ಕೆಲಸ ಇನ್ನೂ ವೇಗವಾಗಿ ಹೆಚ್ಚುತ್ತದೆ. ಈ ಖರ್ಚು ನಿಜವಾದದ್ದೇ, ಅದರ ಬಗ್ಗೆ ನನ್ನ ತಕರಾರು ಇಲ್ಲ. 2025ರ ಅಕ್ಟೋಬರ್‌ನಲ್ಲಿ ಓಪನ್‌ಎಐ ಕಂಪನಿ ಡೆವಲಪರ್‌ಗಳಿಗೆ ತನ್ನ ವಿಡಿಯೋ ಮಾದರಿ ಸೋರಾ 2 ಕೊಟ್ಟಾಗಲೂ ದರ ಸೆಕೆಂಡಿನ ಲೆಕ್ಕದಲ್ಲೇ ಇತ್ತು: ಪ್ರೊ ಮಾದರಿಗೆ 720p ಆದರೆ ಸೆಕೆಂಡಿಗೆ 30 ಸೆಂಟ್, ಅದಕ್ಕಿಂತ ದೊಡ್ಡ ಅಳತೆಗೆ 50 ಸೆಂಟ್. ಆದರೆ ದುಬಾರಿ ಆಯ್ಕೆಯನ್ನೇ ಮೊದಲೇ ಸೆಟ್ ಮಾಡಿಟ್ಟು, ಬೆಲೆಯನ್ನು ಮೊಬೈಲ್‌ನಲ್ಲಿ ತೋರಿಸದೇ ಇರೋದು ತಪ್ಪು.

ಅಂಗಡಿಯವರಿಗೆ ಮಾತು ಕೊಟ್ಟಾಗಿತ್ತು. "ಹಬ್ಬಕ್ಕೆ ಇನ್ನು ಐದೇ ದಿನ ಇದೆ ಸರ್, ಆಗುತ್ತಲ್ವಾ?" ಅಂತ ಫೋನ್ ಮಾಡಿದರು. ಇನ್ನೂ 21 ಸೆಕೆಂಡ್ ಬೇಕಿತ್ತು. 2,200 ರೂಪಾಯಿ ಕೊಟ್ಟು ಮತ್ತೆ ಸಾವಿರ ಕ್ರೆಡಿಟ್ ಹಾಕಿಸಿದೆ. ತಿಂಗಳ ಮಧ್ಯೆ ಹಾಕಿಸಿದರೆ ದರ ಜಾಸ್ತಿ, ಇದನ್ನೂ ನೋಡಿಕೊಳ್ಳಿ.

ಈ ಸಲ ಕಂಪ್ಯೂಟರ್‌ನಲ್ಲೇ ಕೂತು, ಮೊದಲು ನನ್ನ ಎಡಿಟ್ ಟೈಮ್‌ಲೈನ್ ತೆರೆದು ನೋಡಿದೆ. ರೀಲ್‌ನಲ್ಲಿ ಯಾವ ಶಾಟ್ ಕೂಡ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವುದಿಲ್ಲ. ಹಾಗಿದ್ದ ಮೇಲೆ ಹತ್ತು ಸೆಕೆಂಡ್ ಯಾಕೆ? ಕೈಕಾಲು ಕೆಡುವುದು, ಮುಖ ಬದಲಾಗುವುದು ನನ್ನ ಕ್ಲಿಪ್‌ಗಳಲ್ಲಿ ಹೆಚ್ಚಾಗಿ ಕೊನೆಯ ಸೆಕೆಂಡುಗಳಲ್ಲೇ ಆಗಿತ್ತು. ಹಾಗಾಗಿ 5 ಸೆಕೆಂಡ್, 720p, ಒಂದೇ ಔಟ್‌ಪುಟ್ ಇಟ್ಟೆ. ಒಂದು ಸಲಕ್ಕೆ 25 ಕ್ರೆಡಿಟ್. ಒಂದು ಕ್ಲಿಪ್‌ಗೆ ಆರು ಸೆಕೆಂಡ್ ಇಡೋಣ ಅಂತ ನೋಡಿದರೆ 30 ಬದಲು 50 ತೋರಿಸಿತು. ಐದು ದಾಟಿದರೆ ಹತ್ತರ ಲೆಕ್ಕವಂತೆ! ಬಿಟ್ಟುಬಿಟ್ಟೆ, ಐದು ಸೆಕೆಂಡೇ ಸಾಕು ಅಂದುಕೊಂಡೆ.

ಇನ್ನೊಂದು, ಮೊದಲು ಬರೀ ಚಿತ್ರ ಮಾಡಿಸಿದೆ, ಅದಕ್ಕೆ ಎರಡೇ ಕ್ರೆಡಿಟ್. ಗಾಣ ಗಾಣದ ಹಾಗೇ ಇದೆಯಾ, ನೊಗ ಸರಿ ಕೂತಿದೆಯಾ ಅಂತ ನೋಡಿ, ಒಪ್ಪಿಗೆಯಾದ ಚಿತ್ರಕ್ಕೆ ಮಾತ್ರ ಚಲನೆ ಕೊಡಿಸಿದೆ. 14 ಚಿತ್ರಕ್ಕೆ 28 ಕ್ರೆಡಿಟ್, 27 ಕ್ಲಿಪ್‌ಗೆ 675. ಕೊನೆಗೆ ಆರಿಸಿದ ಏಳು ಕ್ಲಿಪ್‌ಗಳನ್ನು ಮಾತ್ರ ಅದೇ ಟೂಲ್‌ನ ಅಪ್‌ಸ್ಕೇಲ್‌ನಲ್ಲಿ 1080pಗೆ ಏರಿಸಿದೆ, ತಲಾ 10ರಂತೆ 70. ಒಟ್ಟು 773. ಕೆಲಸಕ್ಕೆ ಬಂದ ಒಂದು ಸೆಕೆಂಡಿಗೆ ಹತ್ತಿರ 37 ಕ್ರೆಡಿಟ್. ಮೊದಲು 107 ಇತ್ತು.

ಇಲ್ಲಿ ಒಂದು ತಪ್ಪು ಮಾಡಬೇಡಿ. 720pಯಲ್ಲಿ ಚೆನ್ನಾಗಿ ಬಂತು, ಅದನ್ನೇ 1080pಯಲ್ಲಿ ಮತ್ತೆ ಮಾಡಿಸೋಣ ಅಂತ ಅದೇ ಬರಹ, ಟೂಲ್ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುವ ಅದೇ ಸೀಡ್ ನಂಬರ್ ಹಾಕಿದರೆ ಅದೇ ಕ್ಲಿಪ್ ಬರುವುದಿಲ್ಲ. ಅಳತೆ ಬದಲಾದರೆ ಅದು ಶುರು ಮಾಡುವ ಬರೀ ಚುಕ್ಕೆಗಳ ಚಿತ್ರವೇ ಬದಲಾಗುತ್ತದೆ, ಆಮೇಲೆ ಬರುವುದು ಬೇರೆಯದೇ ದೃಶ್ಯ. ಒಪ್ಪಿಗೆಯಾದ ಕ್ಲಿಪ್ಪನ್ನೇ ಅಪ್‌ಸ್ಕೇಲ್ ಮಾಡಿ. ಅಪ್‌ಸ್ಕೇಲ್‌ಗೂ ಮಿತಿ ಇದೆ: ಎಣ್ಣೆಯ ಹೊಳಪು, ಮರದ ಗೆರೆ ಚೆನ್ನಾಗಿ ತೆರೆದುಕೊಂಡವು, ಆದರೆ ದೂರದಲ್ಲಿ ನಿಂತ ಹೆಂಗಸಿನ ಮುಖ ಮೊದಲೇ ಮಸುಕಾಗಿತ್ತು, ಅದು ಮಸುಕಾಗೇ ಉಳಿಯಿತು. ಅಂಥ ದೂರದ ಮುಖ ಇರೋ ಶಾಟ್ ಒಂದಕ್ಕೆ ಬೇಕಾದರೆ 1080p ಖರ್ಚು ಮಾಡಿ.

ದುಡ್ಡು ಕಟ್ಟಿದ ದಿನವೇ ಒಂದು ಕೆಲಸ ಮಾಡಿ. ಈಗಿರುವ ಕ್ರೆಡಿಟ್ ಎಷ್ಟು ಅಂತ ಬರೆದಿಟ್ಟುಕೊಂಡು, ತೀರಾ ಕಡಿಮೆ ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಕ್ಲಿಪ್ ಮಾಡಿಸಿ, ಎಷ್ಟು ಕಡಿತವಾಯಿತು ನೋಡಿ. ಆಮೇಲೆ ರೆಸಲ್ಯೂಶನ್ ಮಾತ್ರ ಬದಲಿಸಿ, ಬಟನ್ ಒತ್ತದೆ, ತೋರಿಸುವ ಬೆಲೆ ನೋಡಿ. ಆಮೇಲೆ ಉದ್ದ ಮಾತ್ರ. ಆಮೇಲೆ ಧ್ವನಿ ಆನ್ ಮಾಡಿ ನೋಡಿ, ನನ್ನ ಟೂಲ್‌ನಲ್ಲಿ ಅದಕ್ಕೂ ಬೇರೆ ಚಾರ್ಜ್ ಇತ್ತು. ಇದನ್ನು ಕಂಪ್ಯೂಟರ್‌ನಲ್ಲೇ ಮಾಡಿ. ತಿಂಗಳು ಮುಗಿದ ಮೇಲೆ ಉಳಿದ ಕ್ರೆಡಿಟ್ ಮುಂದಕ್ಕೆ ಬರುತ್ತಾ ಅಂತಲೂ ಕೇಳಿಕೊಳ್ಳಿ. ನನ್ನ ಪ್ಲಾನ್‌ನಲ್ಲಿ ಬರಲಿಲ್ಲ, ಮೊದಲ ಸಾವಿರದಲ್ಲಿ ಉಳಿದಿದ್ದ ಆ 40 ಕೂಡ ತಿಂಗಳ ಕೊನೆಗೆ ಹೋಯ್ತು.