ಚಿತ್ರದುರ್ಗದಲ್ಲಿ ಫೋನ್ ಆಫ್ ಆದರೆ: ಬಿಸಿಲು, ಬೆಟ್ಟ, ಚೀಟಿ

ಗೊತ್ತಿಲ್ಲದ ಊರಲ್ಲಿ ಫೋನಿನ ಚಾರ್ಜ್ ಮುಗಿದರೆ ದಿಕ್ಕು ಹಿಡಿಯಲು ಮೂರು ದಾರಿಗಳಿವೆ: ಸೂರ್ಯ, ಕಣ್ಣಿಗೆ ಬೀಳುವ ಗುರುತುಗಳು, ಕೈಯಲ್ಲಿ ಬರೆದ ನಕ್ಷೆ. ಚಿತ್ರದುರ್ಗದಲ್ಲಿ ಮೂರನ್ನೂ ಪ್ರಯತ್ನಿಸಿ ನೋಡಿದ್ದೇನೆ. ಎಲ್ಲರೂ ಮೊದಲು ನೆನೆಸಿಕೊಳ್ಳುವ ಸೂರ್ಯನ ಮೇಲೆಯೇ ನನಗೆ ಭರವಸೆ ಕಡಿಮೆ.

ಕೈಗಡಿಯಾರದ ಉಪಾಯ ಹಲವರಿಗೆ ಗೊತ್ತು. ಗಂಟೆಮುಳ್ಳನ್ನು ಸೂರ್ಯನತ್ತ ಹಿಡಿದರೆ ಆ ಮುಳ್ಳಿಗೂ 12ಕ್ಕೂ ನಟ್ಟನಡುವಿನ ಗೆರೆ ದಕ್ಷಿಣ ಎನ್ನುತ್ತಾರೆ. ಡಿಸೆಂಬರ್ ಬೆಳಿಗ್ಗೆ ಒಂಬತ್ತಕ್ಕೆ ಇದು ದುರ್ಗದಲ್ಲಿ ಹೆಚ್ಚುಕಡಿಮೆ ಸರಿ ಬರುತ್ತದೆ. ಏಪ್ರಿಲ್ ಕೊನೆಯಲ್ಲಿ ಹತ್ತು ಗಂಟೆಗೆ ಮಾಡಿದರೆ ಸುಮಾರು 60 ಡಿಗ್ರಿ ತಪ್ಪುತ್ತದೆ. ಊರು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆ ಹೊತ್ತಿಗೆ ಸೂರ್ಯ ಮೂಡಣದಿಂದ ಹೆಚ್ಚು ವಾಲದೆ ನೆತ್ತಿಯ ಕಡೆ ನೆಟ್ಟಗೆ ಏರುತ್ತಿರುತ್ತಾನೆ, ಗಡಿಯಾರ ಮಾತ್ರ ಅವನು ಆಗಲೇ ದಕ್ಷಿಣಕ್ಕೆ ಸರಿದಿದ್ದಾನೆಂದು ಲೆಕ್ಕ ಹಾಕುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಉತ್ತರಕ್ಕೇ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗ ಈ ಉಪಾಯವನ್ನು ನಂಬಿ ಹೊರಟರೆ ಬೇರೆಲ್ಲೋ ಹೋಗಿ ನಿಲ್ಲುತ್ತೇವೆ.

ಕೋಲು ನೆಡುವ ವಿಧಾನಕ್ಕೆ ಈ ತೊಂದರೆಯಿಲ್ಲ. ಸಮತಟ್ಟಾದ ಮಣ್ಣಿನಲ್ಲಿ ಮೀಟರ್ ಉದ್ದದ ಕೋಲನ್ನು ನೇರ ನಿಲ್ಲಿಸಿ ನೆರಳಿನ ತುದಿಗೆ ಕಲ್ಲಿಡಬೇಕು, ಕಾಲು ಗಂಟೆ ಬಿಟ್ಟು ಹೊಸ ತುದಿಗೆ ಇನ್ನೊಂದು. ಮಧ್ಯಾಹ್ನದ ಆಸುಪಾಸಿನಲ್ಲಿ ತುದಿ ಆರೇಳು ಸೆಂಟಿಮೀಟರ್ ಸರಿದಿರುತ್ತದೆ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಬೆಳಗು-ಸಂಜೆ, ಅದರಲ್ಲೂ ಜೂನ್ ಮತ್ತು ಡಿಸೆಂಬರ್‌ನಲ್ಲಿ, ಗೆರೆ ಓರೆಯಾಗುತ್ತದೆ. ಇಷ್ಟಾದರೂ ನಿಮಗೆ ಸಿಗುವುದು ದಿಕ್ಕು ಮಾತ್ರ. ನೀವು ಯಾವ ಓಣಿಯಲ್ಲಿದ್ದೀರಿ ಎಂದು ಕೋಲು ಹೇಳುವುದಿಲ್ಲ.

ಬೆಟ್ಟ ಅದಕ್ಕಿಂತ ಮೇಲು. ಕೋಟೆಯ ಬೆಟ್ಟಸಾಲು ಊರಿನ ನೈಋತ್ಯದ ಅಂಚಿಗಿದೆ. ಬಡಾವಣೆಗಳು ಹೆಚ್ಚಾಗಿ ಅದರ ಉತ್ತರಕ್ಕೂ ಪೂರ್ವಕ್ಕೂ ಹಬ್ಬಿವೆ. ದೂರದಿಂದ ನೋಡಿದರೆ ಒಂದೇ ನೋಟಕ್ಕೆ ಅಂದಾಜು ಸಿಕ್ಕಿಬಿಡುತ್ತದೆ. ಬುಡಕ್ಕೆ ಬಂದಾಗ ಕಷ್ಟ ಶುರು: ಹಳೇ ಊರಿನ ಓಣಿಗಳಲ್ಲಿ ಮನೆಗಳು ಬೆಟ್ಟವನ್ನು ಮರೆಮಾಡುತ್ತವೆ, ನೂರಿನ್ನೂರು ಹೆಜ್ಜೆ ಸರಿದರೆ ಬಂಡೆಗಳ ಆಕಾರವೇ ಬದಲಾಗುತ್ತದೆ. ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಗುರುತಾಗಿ ಇಟ್ಟುಕೊಳ್ಳಲೇಬೇಡಿ. ಎಲ್ಲವೂ ಒಂದೇ ಥರ, ಒಂದಕ್ಕಿಂತ ಹೆಚ್ಚು ಕಡೆ ಕಾಣುತ್ತವೆ. (ದಾವಣಗೆರೆಯಲ್ಲಾದರೆ ಬೆಟ್ಟದ ಆಸರೆಯಿಲ್ಲ. ಅಲ್ಲಿ ರೈಲು ಹಳಿ, ಪಿ.ಬಿ. ರಸ್ತೆ ನೆಚ್ಚಿಕೊಳ್ಳಬೇಕು: ಎರಡರಲ್ಲಿ ಒಂದು ಸಿಕ್ಕುವವರೆಗೆ ನಡೆದು, ಆಮೇಲೆ ಅದರ ಗುಂಟ ಹೋಗುವುದು.)

ನಾನು ಮೊದಲ ಸ್ಥಾನ ಕೊಡುವುದು ಚೀಟಿಗೆ. ಒಂದು ಏಪ್ರಿಲ್ ಕೊನೆಯಲ್ಲಿ ಬೆಟ್ಟದ ಪೂರ್ವಕ್ಕಿದ್ದ ನೆಂಟರ ಮನೆಯಿಂದ ಹೊರಟಾಗ ಬರೆದದ್ದು ಇಷ್ಟು: "ಮುಖ್ಯ ರಸ್ತೆ 400 ಹೆಜ್ಜೆ, ಬೆಟ್ಟ ಎದುರು. ಹಿಟ್ಟಿನ ಗಿರಣಿ, ಬಲಕ್ಕೆ. 250 ಹೆಜ್ಜೆ, ಬೆಟ್ಟ ಎಡಕ್ಕೆ. ಅರಳಿಕಟ್ಟೆ." ಕಟ್ಟೆಯ ಆಚೆ ಓಣಿಗಳು ಸುತ್ತಿಕೊಂಡವು, ಫೋನೂ ಆಫ್ ಆಯಿತು. ಒಂದು ಗಂಟೆಯ ಹೊತ್ತಿಗೆ ನಾನಿದ್ದ ಓಣಿಯಲ್ಲಿ ಬೆಟ್ಟ ಕಾಣುತ್ತಿರಲಿಲ್ಲ.

ಚೀಟಿಯ ಪ್ರಕಾರ ಹೋಗುವಾಗ ಉತ್ತರಕ್ಕೆ ನಡೆದಿದ್ದೆ, ಮರಳಲು ದಕ್ಷಿಣಕ್ಕೆ ಹೋಗಬೇಕು. ಓಣಿಯ ಯಾವ ತುದಿ ದಕ್ಷಿಣ ಎಂಬುದೊಂದೇ ಉಳಿದಿದ್ದ ಪ್ರಶ್ನೆ. ಖಾಲಿ ಜಾಗದಲ್ಲಿ ಕೋಲು ನೆಟ್ಟು ಎರಡು ಕಲ್ಲಿಟ್ಟೆ. ಮೊದಲ ಕಲ್ಲು ಎಡಗಾಲಿಗೆ, ಎರಡನೆಯದು ಬಲಗಾಲಿಗೆ ಬರುವಂತೆ ನಿಂತರೆ ಮುಖ ಉತ್ತರಕ್ಕಿರುತ್ತದೆ. ಬೆನ್ನ ಹಿಂದಿನ ತುದಿಯತ್ತ ನಡೆದೆ. ಓಣಿ ಮುಗಿದಲ್ಲಿ ಬೆಟ್ಟ ಬಲಕ್ಕೆ ಕಂಡಿತು, ಅಂದರೆ ಹೋದಾಗ ಎಡಕ್ಕಿದ್ದುದರ ತಿರುವುಮುರುವು, ಅದೇ ಖಾತರಿ. ಅಂಗಡಿಯ ಹಿರಿಯರೊಬ್ಬರನ್ನು ಕೇಳಿದೆ: "ಅಜ್ಜಾ, ಅರಳಿಕಟ್ಟೆ ಎಲ್ಲಿ ಬರುತ್ತೆ?" "ಇಲ್ಲೇ ಮುಂದೈತಪ್ಪ, ಎಡಗಡೆ ನೋಡ್ಕೊಂಡು ಹೋಗು." ಕಟ್ಟೆಯಿಂದ ಎಣಿಸುತ್ತಾ ಹೋದರೆ ಗಿರಣಿ ಸಿಕ್ಕಿತು, ಅಲ್ಲಿ ಎಡಕ್ಕೆ ತಿರುಗಿದೆ, ಬೆಟ್ಟ ಬೆನ್ನಿಗೆ ಬಂತು.

ಚೀಟಿಯ ದೋಷವೂ ಇದೆ: ಹೊರಡುವಾಗಲೇ ಬರೆಯಬೇಕು, ಸಿಕ್ಕಿಹಾಕಿಕೊಂಡ ಮೇಲೆ ಬರೆದರೆ ಪ್ರಯೋಜನ ಕಡಿಮೆ. ಹೆಜ್ಜೆಯ ಎಣಿಕೆ ಜನಜಂಗುಳಿಯಲ್ಲಿ ತಪ್ಪುತ್ತದೆ; ಹಾಗಾಗಿ ಪ್ರತಿ ತಿರುವಿಗೂ ಬದಲಾಗದ ಗುರುತೊಂದನ್ನು ಸೇರಿಸುತ್ತೇನೆ. ಗಿರಣಿ, ಗುಡಿ, ನೀರಿನ ಟ್ಯಾಂಕ್ ಆದೀತು, ತಳ್ಳುಗಾಡಿ ಬೇಡ. ಮಳೆಗಾಲದಲ್ಲಿ ಕೋಲು ನೆಡುವ ಮಾತೇ ಇಲ್ಲ, ಬೆಟ್ಟದ ಮೇಲೆ ಮೋಡ ಕೂತಿರುವುದೂ ಉಂಟು. ಆಗ ಚೀಟಿ ಮತ್ತು ಜನ ಮಾತ್ರ. ಚೀಟಿಯ ಹಿಂಬದಿಯಲ್ಲಿ, ಉಳಿದುಕೊಂಡ ಮನೆಯ ಬಡಾವಣೆ, ಹತ್ತಿರದ ಗುಡಿ, ಒಂದು ಫೋನ್ ನಂಬರ್ ಬರೆದಿಡುತ್ತೇನೆ. ಯಾರದಾದರೂ ಫೋನ್ ಸಿಕ್ಕಿದರೂ ಆ ನಂಬರ್ ನೆನಪಿನಲ್ಲಿ ಇರುವುದಿಲ್ಲ.