ಶಾರ್ಟ್ಸಾ, ದೊಡ್ಡ ವಿಡಿಯೊನಾ? ಎರಡು ಮಳೆಗಾಲ ಯೂಟ್ಯೂಬ್ ಸ್ಟುಡಿಯೊ ಲೆಕ್ಕ ನೋಡಿದ ಮೇಲೆ

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಜೊತೆಗೆ ತೋಟದ ಕೆಲಸ ತೋರಿಸುವ ಒಂದು ಸಣ್ಣ ಚಾನೆಲ್ ಇದೆ. ಎರಡು ವರ್ಷದಿಂದ ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್ ನೋಡುತ್ತಿದ್ದೇನೆ, ಮೊಬೈಲಿನಲ್ಲಿ ಕಡಿಮೆ, ಲ್ಯಾಪ್‌ಟಾಪಿನಲ್ಲಿ ಜಾಸ್ತಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಲೆಕ್ಕ ಎಲ್ಲಾ ಅದರಲ್ಲಿದೆ. ಆದರೆ ಮೊದಲು ಕಣ್ಣಿಗೆ ಬೀಳುವ ಅಂಕಿಯನ್ನೇ ನಂಬಿ ಕೂತರೆ ದಾರಿ ತಪ್ಪುತ್ತೀರಿ. ನಾನು ಒಂದು ವರ್ಷ ಹಾಗೇ ತಪ್ಪಿದ್ದೆ.

ಆಗ ವಾರಕ್ಕೆ ಮೂರು ಶಾರ್ಟ್ಸ್, ತಿಂಗಳಿಗೊಂದು ದೊಡ್ಡ ವಿಡಿಯೊ ಹಾಕುತ್ತಿದ್ದೆ. ಇದು ಸರಿಯಾ ಅಂತ ನೋಡಲು ಒಂದೇ ವಿಷಯ ಹಿಡಿದುಕೊಂಡೆ: ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 2024ರ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಒಂದೇ ವಾರದಲ್ಲಿ ಎರಡು ಹಾಕಿದೆ. ದೊಡ್ಡದು 12 ನಿಮಿಷದ್ದು. ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ಗೆ, ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕುವುದು, ಹೀಗೆ ಪೂರ್ತಿ ವಿಧಾನ. ಶಾರ್ಟ್ 48 ಸೆಕೆಂಡಿನದು. ಅದರಲ್ಲಿ ಚಾಕು ಪರೀಕ್ಷೆ ಮಾತ್ರ. ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದರೆ ಅಲಗಿನ ಮೇಲೆ ಕೆಂಪು ಕೂರುತ್ತೆ ಅಲ್ವಾ, ಅಂದರೆ ಸುಣ್ಣ ಸಾಲದು ಅಂತ. ಅಷ್ಟೇ.

28 ದಿನದ ಲೆಕ್ಕ: ಶಾರ್ಟ್‌ಗೆ 36,000 ವ್ಯೂಸ್, ದೊಡ್ಡದಕ್ಕೆ 2,100. ನನ್ನ ತಮ್ಮ ನೋಡಿ, "ಇನ್ನು ಆ ಉದ್ದದ್ದು ಯಾಕೆ ಮಾಡ್ತೀಯ ಮಾರಾಯ, ಬಿಟ್ಹಾಕು" ಅಂದ. ನನಗೂ ಹಾಗೇ ಅನಿಸಿತ್ತು.

ವರ್ಷ ಕಳೆದ ಮೇಲೆ ಮತ್ತೆ ಕೂತೆ. ಸ್ಟುಡಿಯೊದಲ್ಲಿ `Advanced mode` ಅಂತ ಇದೆ. ಅಲ್ಲಿ `Groups` ಮಾಡಬಹುದು. ದೊಡ್ಡ ವಿಡಿಯೊಗಳದ್ದೊಂದು, ಶಾರ್ಟ್ಸ್‌ನದ್ದೊಂದು ಗುಂಪು ಮಾಡಿ ಪಕ್ಕಪಕ್ಕ ಇಟ್ಟು ನೋಡಬಹುದು. ನನಗೆ ಇದರಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಇದೊಂದೇ. ವ್ಯೂಸ್ ಬಿಟ್ಟು ನೋಡಿದ ಹೊತ್ತನ್ನು ಹಾಕಿದೆ. ಶಾರ್ಟ್ 38,000 ವ್ಯೂಸ್‌ಗೆ ಬಂದು ನಿಂತಿತ್ತು. ಸರಾಸರಿ 31 ಸೆಕೆಂಡ್, ಒಟ್ಟು ಹೆಚ್ಚುಕಡಿಮೆ 327 ಗಂಟೆ. ದೊಡ್ಡದು 5,200 ವ್ಯೂಸ್, ಸರಾಸರಿ 4 ನಿಮಿಷ 10 ಸೆಕೆಂಡ್, ಒಟ್ಟು 361 ಗಂಟೆ. ವ್ಯೂಸ್‌ನಲ್ಲಿ ಏಳು ಪಟ್ಟು ಹಿಂದಿದ್ದದ್ದು ಹೊತ್ತಿನಲ್ಲಿ ಮುಂದಿದೆ. ಇನ್ನೊಂದು ವಿಷಯ. ಜಾಹೀರಾತಿನ ಹಣ ಶುರುವಾಗಲು 4,000 ಗಂಟೆ ಬೇಕಲ್ಲ, ಅದಕ್ಕೆ ಶಾರ್ಟ್ಸ್ ಫೀಡಿನಲ್ಲಿ ನೋಡಿದ ಹೊತ್ತು ಸೇರುವುದಿಲ್ಲ. ಶಾರ್ಟ್ಸ್ ದಾರಿ ಹಿಡಿದರೆ 90 ದಿನದಲ್ಲಿ ಒಂದು ಕೋಟಿ ವ್ಯೂಸ್ ಆಗಬೇಕು. ನಮ್ಮಂಥವರಿಗೆ ಅದು ದೂರದ ಮಾತು. ಅಂದರೆ ಆ 327 ಗಂಟೆ ನನ್ನ ಲೆಕ್ಕದಲ್ಲಿ ಸೊನ್ನೆ.

ತಮ್ಮ ಬಿಡಲಿಲ್ಲ. "ನಿನ್ನ ಕೆಲಸದ ಹೊತ್ತು ಲೆಕ್ಕ ಹಾಕು. ಉದ್ದದ್ದಕ್ಕೆ 14 ಗಂಟೆ ಕೂತೆ, ಶಾರ್ಟ್‌ಗೆ ಎರಡೇ" ಅಂದ. ಮಾತು ಸರಿಯೇ. ಆದರೆ ಆ ಎರಡು ಗಂಟೆ ಬರೀ ಎಡಿಟಿಂಗ್‌ದು. ಚಾಕು ಅದ್ದಿದ ದೃಶ್ಯ ತೆಗೆದದ್ದು ದೊಡ್ಡ ವಿಡಿಯೊದ ದಿನವೇ. ಡ್ರಮ್ ತೊಳೆದು, ಸುಣ್ಣ ಸೋಸಿ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬರುವ ತನಕ ಕಾದದ್ದೆಲ್ಲ ದೊಡ್ಡದರ ಖಾತೆಗೆ ಬಿದ್ದಿತ್ತು. ಶಾರ್ಟ್‌ಗಂತಲೇ ಪ್ರತ್ಯೇಕ ದ್ರಾವಣ ಕಲಸಿದ್ದರೆ ಅರ್ಧ ದಿನ ಹೋಗುತ್ತಿತ್ತು. ಸ್ಟುಡಿಯೊಗೆ ಇದೆಲ್ಲ ಗೊತ್ತಾಗುವುದಿಲ್ಲ. ಅದಕ್ಕೇ ಈಗ ಒಂದು ನೋಟ್‌ಬುಕ್ಕಿನಲ್ಲಿ ಚಿತ್ರೀಕರಣದ ಹೊತ್ತು, ಎಡಿಟಿಂಗ್ ಹೊತ್ತು ಬೇರೆಬೇರೆ ಬರೆದಿಡುತ್ತೇನೆ.

2025ರ ಮೇನಲ್ಲಿ ಎರಡನೇ ಶಾರ್ಟ್ ಹಾಕಿದೆ, 52 ಸೆಕೆಂಡಿನದು. 71,000 ವ್ಯೂಸ್! ಹೋದ ವರ್ಷದ್ದರ ಹತ್ತಿರ ಹತ್ತಿರ ಎರಡು ಪಟ್ಟು. ಖುಷಿಯಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಬಂದೆ. ಆಮೇಲೆ ಗೊತ್ತಾಯಿತು, 2025ರ ಮಾರ್ಚ್ 31ರಿಂದ ಎಣಿಸುವ ರೀತಿಯೇ ಬದಲಾಗಿದೆ. ಈಗ ಶಾರ್ಟ್ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಮತ್ತೆ ತಿರುಗಿ ಓಡಿದರೆ ಇನ್ನೊಂದು. ಹಳೆಯ ರೀತಿಯ ಲೆಕ್ಕ ಈಗ `Engaged views` ಅನ್ನುವ ಹೆಸರಿನಲ್ಲಿದೆ. ಅಲ್ಲಿ ನೋಡಿದರೆ 37,000. ಅಂದರೆ ಹೋದ ವರ್ಷದಷ್ಟೇ. ಆ ದಿನದ ಹಿಂದಿನ ಶಾರ್ಟನ್ನೂ ಮುಂದಿನದನ್ನೂ ಹೋಲಿಸುವವರು ಈ ಸಾಲನ್ನೇ ನೋಡಿ. ಹಣದ ಲೆಕ್ಕವೂ ಇದರ ಮೇಲೇ ನಡೆಯುತ್ತೆ.

ಆದರೂ ಎರಡನೇ ಶಾರ್ಟ್ ಬೇರೊಂದು ಕಲಿಸಿತು. ಶಾರ್ಟ್‌ಗೆ `Related video` ಅಂತ ನಮ್ಮದೇ ಒಂದು ದೊಡ್ಡ ವಿಡಿಯೊ ಜೋಡಿಸಬಹುದು. ವಿವರಣೆಯಲ್ಲಿ ಲಿಂಕ್ ಹಾಕಿದರೆ ಶಾರ್ಟ್ಸ್‌ನಲ್ಲಿ ಒತ್ತಲು ಬರುವುದಿಲ್ಲ, ಆ ತೊಂದರೆ ತೆಗೆದುಕೊಳ್ಳಬೇಡಿ. ಮೊದಲ ಶಾರ್ಟ್‌ನಿಂದ ದಾಟಿ ಬಂದವರು 400 ಚಿಲ್ಲರೆ, ನೂರಕ್ಕೆ ಒಬ್ಬರು. ಯಾಕೆ ಬರಬೇಕು? ಪರೀಕ್ಷೆ ಹೇಗೆ ಅಂತ ಅಲ್ಲೇ ಪೂರ್ತಿ ಗೊತ್ತಾಯಿತು. ಎರಡನೆಯದರಲ್ಲಿ ಚಾಕು ಕೆಂಪಾಗಿ ಮೇಲೆ ಬಂದಲ್ಲಿಗೆ ನಿಲ್ಲಿಸಿ, ಸುಣ್ಣದ ನೀರು ಎಷ್ಟು, ಹೇಗೆ ಸೇರಿಸಬೇಕು ಅನ್ನುವುದು ದೊಡ್ಡದರಲ್ಲಿದೆ ಅಂದೆ. 1,300 ಜನ ಬಂದರು.

ಬಂದರು, ಆದರೆ ಕೂರಲಿಲ್ಲ. ದೊಡ್ಡ ವಿಡಿಯೊದ ಟ್ರಾಫಿಕ್ ಸೋರ್ಸ್ ಬಿಡಿಸಿ ನೋಡಿದರೆ ಶಾರ್ಟ್‌ನಿಂದ ಬಂದವರು ಸರಾಸರಿ ಎರಡು ನಿಮಿಷ, ಹುಡುಕಿ ಬಂದವರು ಐದಕ್ಕಿಂತ ಜಾಸ್ತಿ. ಹುಡುಕಿ ಬರುವವರು ಡ್ರಮ್ ಮುಂದೆ ನಿಂತೇ ನೋಡುತ್ತಿರಬೇಕು. ವಿಡಿಯೊದ ಯಾವ ಜಾಗವನ್ನು ಎಷ್ಟು ಜನ ನೋಡಿದರು ಅಂತ ತೋರಿಸುವ ಗ್ರಾಫ್ ತೂಕ ಹೇಳುವಲ್ಲಿ ಗುಡ್ಡದ ಹಾಗೆ ಏಳುತ್ತೆ, ಅಂದರೆ ಅಲ್ಲಿಗೆ ಹಾರಿ ಬಂದು ಮತ್ತೆಮತ್ತೆ ನೋಡುತ್ತಾರೆ. (ಶುರುವಿನ ಒಂದೂವರೆ ನಿಮಿಷದಲ್ಲಿ ನಾನು ಮಳೆಯ ಬಗ್ಗೆ ಮಾತಾಡಿದ್ದೇನೆ. ಅಲ್ಲಿ ಮೂರರಲ್ಲಿ ಒಬ್ಬರು ಎದ್ದು ಹೋಗಿದ್ದಾರೆ. ಸರಿಯಾಗೇ ಮಾಡಿದ್ದಾರೆ.) 2025ರ ಜೂನ್, ಜುಲೈನಲ್ಲಿ ಹಳೆಯ ದೊಡ್ಡ ವಿಡಿಯೊಗೆ ಇನ್ನೂ 2,900 ವ್ಯೂಸ್ ಬಂತು, ಬಹುಪಾಲು ಹುಡುಕಾಟದಿಂದ. ಹಳೆಯ ಶಾರ್ಟ್ ಅದೇ ಹೊತ್ತಿಗೆ ನಾಲ್ಕು ನೂರೂ ದಾಟಲಿಲ್ಲ. ಬರೀ 28 ದಿನ ನೋಡಿದ್ದರೆ ಈ ಎರಡನೇ ಬೆಳೆ ಕಾಣುತ್ತಲೇ ಇರಲಿಲ್ಲ. ಋತುವಿಗೆ ತಕ್ಕ ವಿಷಯವಾದರೆ ಮುಂದಿನ ಋತುವಿನ ತನಕ ಕಾಯಲೇಬೇಕು.

ಕಳೆದ ಒಂದು ಸ್ಟಾರ್ ಯಾಕೆ ಅಂದರೆ, ಮೇ ತಿಂಗಳಲ್ಲಿ ಶಾರ್ಟ್ ನೋಡಿದವರೇ ಜೂನ್‌ನಲ್ಲಿ ಹುಡುಕಿ ಬಂದರೋ ಇಲ್ಲವೋ ಅನ್ನುವುದು ಈ ಲೆಕ್ಕದಲ್ಲಿ ಸಿಗುವುದಿಲ್ಲ. ಹಾಗಾಗಿ ಶಾರ್ಟ್ ದಂಡ ಅಂತ ಹೇಳಲು ನನಗೆ ಧೈರ್ಯ ಇಲ್ಲ.

ಕಾಮೆಂಟ್‌ಗಳನ್ನಂತೂ ಓದಿ. ಮೊದಲ ಶಾರ್ಟ್ ಕೆಳಗೆ "ಎಷ್ಟು ಲೀಟರಿಗೆ ಅಣ್ಣಾ?" ಅಂತ ಸಾಲು ಸಾಲು. ಒಬ್ಬರು ಎರಡು ಪುಡಿಯನ್ನೂ ಒಂದೇ ಡ್ರಮ್ಮಿಗೆ ಹಾಕಿ ಕಲಸಿ, ಕೊನೆಗೆ ಚಾಕು ಅದ್ದಿ, ಕೆಂಪು ಬಂತು ಏನು ಮಾಡಲಿ ಅಂತ ಕೇಳಿದ್ದರು. ತಪ್ಪು ನನ್ನದೇ. ಕ್ರಮವೇ ಮುಖ್ಯವಾದ ಕೆಲಸದ ಕೊನೆಯ ತುಂಡನ್ನಷ್ಟೇ ತೋರಿಸಿದ್ದೆ.

ಈಗ ತಿಂಗಳಿಗೆ ಎರಡು ದೊಡ್ಡದು ಮಾಡುತ್ತೇನೆ. ತೂಕ, ಕ್ರಮ, ಹೊತ್ತು ಇರುವುದೆಲ್ಲ ಅದಕ್ಕೆ. ಅದೇ ಚಿತ್ರೀಕರಣದ ದಿನ ಎರಡು ಶಾರ್ಟ್ ಕತ್ತರಿಸುತ್ತೇನೆ, ಎರಡಕ್ಕೂ ದೊಡ್ಡದನ್ನು ಜೋಡಿಸಿರುತ್ತೇನೆ. ಶಾರ್ಟ್‌ಗಂತಲೇ ಕ್ಯಾಮೆರಾ ಹಿಡಿಯುವುದು ಒಂದು ನೋಟಕ್ಕೆ ಮುಗಿಯುವ ವಿಷಯಕ್ಕೆ ಮಾತ್ರ: ಕೊಳೆ ಹತ್ತಿದ ಕಾಯಿ ಹೇಗಿರುತ್ತೆ, ಎಲೆಚುಕ್ಕಿ ಹೇಗೆ ಕಾಣುತ್ತೆ, ಅಂಥದ್ದು. ವಾರಕ್ಕೆ ಮೂರು ಹಾಕುವುದು ನಿಲ್ಲಿಸಿ ಐದು ತಿಂಗಳಾಯಿತು. ವ್ಯೂಸ್ ಅರ್ಧಕ್ಕೆ ಇಳಿದಿದೆ, 4,000ಕ್ಕೆ ಸೇರುವ ಗಂಟೆಗಳು ಏರುತ್ತಿವೆ. ತಮ್ಮ ಇನ್ನೂ ಒಪ್ಪಿಲ್ಲ.