ಪೇಜನ್ನು ಏಜೆನ್ಸಿಗೆ ಒಪ್ಪಿಸಿರುವ ಹೋಟೆಲಿನವರೇ, ಇದನ್ನು ಓದಿ

2024ರ ಮೇ 13, ಸೋಮವಾರ. ಸಂಜೆ ನಾಲ್ಕೂವರೆಯ ಹೊತ್ತಿಗೆ ಮುಂಬಯಿಯಲ್ಲಿ ಧೂಳು ಬಿರುಗಾಳಿ ಎದ್ದು, ಘಾಟ್ಕೋಪರ್‌ನ ಛೇಡಾ ನಗರದಲ್ಲಿ ನೂರಡಿಗೂ ಮೀರಿದ ಎತ್ತರ, ಅಗಲದ ಹೋರ್ಡಿಂಗ್ ಪೆಟ್ರೋಲ್ ಪಂಪಿನ ಮೇಲೆ ಬಿತ್ತು. ನನ್ನ ಭಾವನ ಹೋಟೆಲ್ ಅಲ್ಲಿಂದ ದೂರವೇನಲ್ಲ, ಚೆಂಬೂರಿನಲ್ಲಿದೆ. ಅದೇ ಸಂಜೆ ಏಳಕ್ಕೆ ಹೋಟೆಲಿನ ಇನ್‌ಸ್ಟಾಗ್ರಾಮಿನಲ್ಲಿ ಒಂದು ರೀಲ್ ಬಂತು: ಮೇಲಿಂದ ದೊಡ್ಡ ಬೋರ್ಡ್ ಧೊಪ್ಪೆಂದು ಬೀಳುತ್ತದೆ, ಅದರ ಮೇಲೆ 'ಭಾವ್ ಗಿರ್ ಗಯೇ', ಅಂದರೆ ಬೆಲೆ ಬಿತ್ತು ಎಂಬ ಹಿಂದಿ ಸಾಲು, ಕೆಳಗೆ ಥಾಲಿಯ ಆಫರ್. ಅವಶೇಷದ ಅಡಿಯಲ್ಲಿ ಆಗ ಜನ ಸಿಕ್ಕಿಕೊಂಡಿದ್ದರು.

ಭಾವ ಮೈಮರೆತು ಕೂತಿರಲಿಲ್ಲ. ಐದೂವರೆಗೇ ಮೆಟಾ ಬಿಸಿನೆಸ್ ಸೂಟ್ ತೆರೆದು, ಮುಂದೆ ಹೋಗಬೇಕಾದ ಪೋಸ್ಟುಗಳನ್ನು ತೋರಿಸುವ ಪ್ಲ್ಯಾನರ್ ನೋಡಿದ್ದರು. ಖಾಲಿ ಇತ್ತು. ಏಜೆನ್ಸಿಯ ಹುಡುಗನಿಗೆ ಫೋನ್ ಮಾಡಿದರೆ ಅವನೂ "ಇವತ್ತು ಏನೂ ಇಲ್ಲ ಶೆಟ್ರೇ" ಅಂದ. ಆದರೆ ಆ ಏಜೆನ್ಸಿ ಪೋಸ್ಟುಗಳನ್ನು ಇಡುತ್ತಿದ್ದದ್ದು ಬೇರೊಂದು ಶೆಡ್ಯೂಲಿಂಗ್ ಆ್ಯಪಿನಲ್ಲಿ. ಹೊರಗಿನ ಆ್ಯಪ್ ತನ್ನ ಸರದಿಯನ್ನು ತನ್ನಲ್ಲೇ ಇಟ್ಟುಕೊಂಡು, ಸಮಯ ಬಂದಾಗ ಮಾತ್ರ ಇನ್‌ಸ್ಟಾಗ್ರಾಮಿಗೆ ಕಳಿಸುತ್ತದೆ. ಹಾಗಾಗಿ ಮೆಟಾದ ಪ್ಲ್ಯಾನರಿನಲ್ಲಿ ಅದರ ಸುಳಿವೂ ಇರುವುದಿಲ್ಲ. ಆ ಆ್ಯಪಿನ ಪಾಸ್‌ವರ್ಡ್ ಭಾವನ ಬಳಿ ಇರಲಿಲ್ಲ. ಪೇಜ್ ನಮ್ಮದು, ಬೀಗದ ಕೈ ಮಾತ್ರ ಅವರದು.

ರೀಲನ್ನು ಭಾವ ತಮ್ಮ ಫೋನಿನಿಂದಲೇ ಅಳಿಸಿದರು. ಆದರೂ ಒಂಬತ್ತರವರೆಗೆ ಬೈಗುಳ ಬರುತ್ತಲೇ ಇತ್ತು, ಯಾಕೆಂದರೆ ಅದೇ ವಿಡಿಯೊ ದುಡ್ಡು ಕೊಟ್ಟು ಓಡಿಸುವ ಜಾಹೀರಾತಾಗಿಯೂ ಬೇರೆಯಾಗಿ ಹೋಗುತ್ತಿತ್ತು. ಆ್ಯಡ್ಸ್ ಮ್ಯಾನೇಜರಿನಲ್ಲಿ ಬೇರೆಯಾಗಿ ಹಾಕಿದ ಜಾಹೀರಾತು ಪೇಜಿನ ಮೇಲೆ ಕಾಣಿಸದೆಯೇ ಓಡಬಲ್ಲದು. ಅಲ್ಲಿ ಕ್ಯಾಂಪೇನಿನ ಮುಂದಿನ ಸ್ವಿಚ್ ಆಫ್ ಮಾಡಿದರಷ್ಟೇ ನಿಲ್ಲುತ್ತದೆ. ಇದರದು ಸುತ್ತಮುತ್ತಲಿನ ಕೆಲವೇ ಕಿಲೋಮೀಟರಿನ ಜನರಿಗೆ ತೋರಿಸುವ ಸೆಟ್ಟಿಂಗ್. ಅಂದರೆ ದುರಂತ ನಡೆದ ಬಡಾವಣೆಯವರಿಗೇ ನಾವು ದುಡ್ಡು ಕೊಟ್ಟು ತೋರಿಸುತ್ತಿದ್ದೆವು.

ಇಷ್ಟು ಸಾಲದೆಂಬಂತೆ ಏಜೆನ್ಸಿಯವರು ರಾತ್ರಿ ಒಂದು ಶ್ರದ್ಧಾಂಜಲಿ ಪೋಸ್ಟರ್ ಹಾಕಿದರು. ಹಬ್ಬದ ಶುಭಾಶಯಕ್ಕೆ ಬಳಸುವ ಅದೇ ಅಚ್ಚು: ಮೇಲೆ ಹೋಟೆಲಿನ ಲೋಗೊ, ನಡುವೆ ದೀಪ, ಅಡಿಯಲ್ಲಿ ಹೋಮ್ ಡೆಲಿವರಿ ನಂಬರ್. ಜೊತೆಗೆ ಸತ್ತವರ ಸಂಖ್ಯೆಯನ್ನೂ ಬರೆದಿದ್ದರು. ಆ ಸಂಖ್ಯೆ ಮರುದಿನಕ್ಕೆ 14 ಆಯಿತು, ಆಮೇಲೆ 16, ಕೊನೆಗೆ 17. ಶೋಧ ನಡೆಯುತ್ತಿರುವಾಗ ಯಾವ ಸಂಖ್ಯೆ ಬರೆದರೂ ಬೆಳಗಾಗುವುದರೊಳಗೆ ಸುಳ್ಳಾಗುತ್ತದೆ, ಅದನ್ನು ತಿದ್ದಲು ಯಾರಿಗೂ ನೆನಪಿರುವುದಿಲ್ಲ.

ಅದನ್ನೂ ತೆಗೆಸಿ, ಗಲ್ಲಾದ ಪಕ್ಕ ಕೂತು ನಾವೇ ಬರೆದೆವು. ಹಾಕಿದ್ದು ಮರಾಠಿ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ:

"ಛೇಡಾ ನಗರದ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬಗಳ ದುಃಖದಲ್ಲಿ ನಾವೂ ಇದ್ದೇವೆ. ಗಾಯಗೊಂಡವರು ಬೇಗ ಗುಣವಾಗಲಿ. ಇಂದು ಸಂಜೆ ನಮ್ಮ ಪೇಜಿನಲ್ಲಿ ಬಂದ ಜಾಹೀರಾತು ಬರಬಾರದಿತ್ತು. ಅದನ್ನು ತೆಗೆದಿದ್ದೇವೆ, ಕ್ಷಮಿಸಿ."

ಬಿಳಿ ಹಿನ್ನೆಲೆಯ ಮೇಲೆ ಬರೀ ಅಕ್ಷರ. ಫೋಟೊ ಇಲ್ಲ, ಹ್ಯಾಷ್‌ಟ್ಯಾಗ್ ಇಲ್ಲ, ನಂಬರಿಲ್ಲ. 'ಅದು ತಾನಾಗಿ ಹೋದ ಪೋಸ್ಟು' ಎಂಬ ಸಮಜಾಯಿಷಿ ಸೇರಿಸೋಣ ಎಂದು ಏಜೆನ್ಸಿ ಹಟ ಹಿಡಿಯಿತು, ಭಾವ ಒಪ್ಪಲಿಲ್ಲ. ಮನೆಯವರನ್ನು ಹುಡುಕುತ್ತಾ ಆಸ್ಪತ್ರೆಗೆ ಅಲೆಯುವವರಿಗೆ ನಮ್ಮ ಆ್ಯಪಿನ ಕಥೆ ಯಾಕೆ? ಹೋರ್ಡಿಂಗಿಗೆ ಅನುಮತಿ ಕೊಟ್ಟವರು ಯಾರು ಎಂಬ ಜಗಳವನ್ನೂ ಅದರಲ್ಲಿ ತರಲಿಲ್ಲ. ತಪ್ಪು ಜಾಹೀರಾತು ಹೋಗಿರದಿದ್ದರೆ ಮೊದಲ ಎರಡು ವಾಕ್ಯ ಸಾಕಿತ್ತು. ಊರಿನ ಇನ್ನೊಂದು ತುದಿಯ ಅಂಗಡಿಯವರಾದರೆ ಏನೂ ಬರೆಯದೆ ಸುಮ್ಮನಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ ಅಂತ ನನ್ನ ಅಭಿಪ್ರಾಯ.

ಆದ್ದರಿಂದ ಪೇಜನ್ನು ಹೊರಗಿನವರಿಗೆ ಕೊಟ್ಟಿರುವವರು ಇವತ್ತೇ ಕೇಳಿ: ಪೋಸ್ಟುಗಳು ಯಾವ ಆ್ಯಪಿನಿಂದ ಹೋಗುತ್ತವೆ, ಅದರ ಲಾಗಿನ್ ನಿಮಗೂ ಇದೆಯೇ, ಆ್ಯಡ್ಸ್ ಮ್ಯಾನೇಜರಿನಲ್ಲಿ ನಿಮ್ಮ ಹೆಸರಿದೆಯೇ. ವಾಟ್ಸಾಪ್ ಬಿಸಿನೆಸ್‌ನ ತಾನಾಗಿ ಹೋಗುವ ಉತ್ತರವನ್ನೂ ಒಮ್ಮೆ ಓದಿ. ಆವತ್ತು ಬೈದು ಮೆಸೇಜ್ ಮಾಡಿದವರಿಗೆಲ್ಲ ನಮ್ಮ ಕಡೆಯಿಂದ "ನಮಸ್ಕಾರ! ಇಂದಿನ ಸ್ಪೆಷಲ್ ನೋಡಿದಿರಾ?" ಎಂದು ಹೋಗಿತ್ತು.

ಇಂಥ ಹೊತ್ತಿನಲ್ಲಿ ತಡೆದ ಪೋಸ್ಟುಗಳನ್ನು ಮತ್ತೆ ಶುರು ಮಾಡುವಾಗಲೂ ಸರದಿಯನ್ನು ಹಾಗೇ ಬಿಟ್ಟುಬಿಡಬೇಡಿ. ಕೆಲವು ಆ್ಯಪ್‌ಗಳಲ್ಲಿ ತಡೆದ ಪೋಸ್ಟುಗಳು ಅಳಿಯುವುದಿಲ್ಲ, ಮುಂದಿನ ಖಾಲಿ ಸಮಯಕ್ಕೆ ಸರಿದು ಕೂರುತ್ತವೆ. ಶೋಧ ಮುಗಿದ ಮೇಲೆ, ವಾರದ ಕೊನೆಗೆ, ನಾವು ಒಂದೊಂದನ್ನೇ ತೆರೆದು ನೋಡಿದೆವು. 'ಸೋಮವಾರ ಮಾತ್ರ' ಎಂಬ ಆಫರ್ ಶನಿವಾರಕ್ಕೆ ಹೊರಡಲು ತಯಾರಾಗಿತ್ತು, ಬೋರ್ಡ್ ಬೀಳುವ ರೀಲಿನ ಎರಡನೇ ಭಾಗ ಅದರ ಹಿಂದೆಯೇ ಇತ್ತು.